‘ನಾವು’ ಎಂದು ಬರೆಯುವ ಮೊದಲು: ಮೇಷ್ಟ್ರ ಹುಟ್ಟುಹಬ್ಬಕ್ಕೆ ಇಡೀ ತರಗತಿಯ ಪತ್ರ

“ನಮ್ಮ ಮೇಷ್ಟ್ರ ಹುಟ್ಟುಹಬ್ಬಕ್ಕೆ ಬ್ಯಾಚಿನ ಪರವಾಗಿ ಒಂದೇ ಪತ್ರ ಕೊಡೋಣ ಅಂತಿದ್ದೀವಿ. ನಲವತ್ತು ಜನ ನಲವತ್ತು ಥರ ಹೇಳ್ತಾರೆ. ಅದನ್ನೆಲ್ಲ ಒಂದೇ ಪತ್ರದಲ್ಲಿ ಹೇಗೆ ತರ್ತೀರಿ?”

ಎಲ್ಲರೂ ಒಪ್ಪುವ ವಿಶೇಷಣಗಳನ್ನು ಹುಡುಕುವುದನ್ನು ಮೊದಲು ಬಿಡಬೇಕು. ‘ಶಿಸ್ತಿನ ಸಿಪಾಯಿ’, ‘ಜ್ಞಾನದ ಜ್ಯೋತಿ’, ‘ಮಕ್ಕಳ ಪಾಲಿನ ದಾರಿದೀಪ’ ಎಂಬ ಮಾತುಗಳಿಗೆ ಯಾರ ತಕರಾರೂ ಇರುವುದಿಲ್ಲ. ಆದರೆ ಅಂತಹ ಮಾತುಗಳಿಂದ ಕಟ್ಟಿದ ಪತ್ರ ನಿವೃತ್ತಿಯ ದಿನ ವೇದಿಕೆಯ ಮೇಲೆ ಓದಿ, ಕಟ್ಟು ಹಾಕಿಸಿ ಕೊಡುವ ಬಿನ್ನವತ್ತಳೆಯಂತಾಗುತ್ತದೆ, ಹೆಸರೊಂದನ್ನು ಬದಲಿಸಿದರೆ ಪಕ್ಕದ ಊರಿನ ಮೇಷ್ಟ್ರಿಗೂ ಸಲ್ಲುತ್ತದೆ. ನಾನು ಮಾಡುವುದು ಇಷ್ಟು: ಎಲ್ಲರೂ ಕಂಡದ್ದನ್ನು ‘ನಾವು’ ಎಂದು ಬರೆಯುತ್ತೇನೆ, ಒಬ್ಬರೇ ಕಂಡದ್ದನ್ನು ‘ನಮ್ಮಲ್ಲೊಬ್ಬ’ ಅಥವಾ ‘ನಮ್ಮಲ್ಲೊಬ್ಬಳು’ ಎಂದು ಬರೆಯುತ್ತೇನೆ, ಈ ಎರಡನ್ನೂ ಒಂದರ ಪಕ್ಕದಲ್ಲಿ ಒಂದನ್ನು ಇಡುತ್ತೇನೆ. ಇದು ಹೇಗೆ ಆಗುತ್ತದೆ ಎಂಬುದನ್ನು ನಮ್ಮ ಲೆಕ್ಕದ ಮೇಷ್ಟ್ರಿಗೆ 70 ತುಂಬಿದಾಗ ಬರೆದ ಪತ್ರದ ಮೂಲಕವೇ ವಿವರಿಸುತ್ತೇನೆ.

ನಾವು 1998ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರು. ಹಾಜರಿ ಪುಸ್ತಕದಲ್ಲಿ 46 ಹೆಸರುಗಳಿದ್ದವು, ವಾಟ್ಸಾಪ್ ಗುಂಪಿನಲ್ಲಿ 38 ಮಂದಿ ಇದ್ದೆವು. ಬರೆಯಲು ಕೂರುವ ಮೊದಲು ಒಂದು ಚಿಕ್ಕ ಕೆಲಸವಿತ್ತು, ದಿನಾಂಕವನ್ನು ಖಚಿತಪಡಿಸಿಕೊಳ್ಳುವುದು. ಆ ತಲೆಮಾರಿನ ಅನೇಕರಿಗೆ ದಾಖಲೆಯಲ್ಲಿರುವ ಜನ್ಮದಿನ ಶಾಲೆಗೆ ಸೇರಿಸುವಾಗ ಅಂದಾಜಿನ ಮೇಲೆ ಬರೆಸಿದ್ದು, ಮನೆಯಲ್ಲಿ ಆಚರಿಸುವ ದಿನವೇ ಬೇರೆ. ನಮ್ಮ ಮೇಷ್ಟ್ರ ದಾಖಲೆಯಲ್ಲೂ ಜೂನ್ 1 ಎಂದಿತ್ತು. ಅವರ ಮಗಳನ್ನು ವಿಚಾರಿಸಿದಾಗ ನಿಜವಾದ ದಿನ ದೀಪಾವಳಿಯ ಆಸುಪಾಸಿನಲ್ಲಿ ಬರುತ್ತದೆ ಎಂದು ಗೊತ್ತಾಯಿತು. ಆ ದಿನಕ್ಕೆ ತಲುಪಿದ ಪತ್ರ ಮನೆಯವರದೂ ಆಗುತ್ತದೆ.

ಗುಂಪಿನಲ್ಲಿ “ಸರ್ ಬಗ್ಗೆ ಎಲ್ಲರೂ ಎರಡು ಸಾಲು ಬರೆಯಿರಿ” ಎಂದು ಕೇಳಬಾರದೆಂಬುದನ್ನು ನಾನು ಹಿಂದಿನ ಒಂದು ಪ್ರಯತ್ನದಲ್ಲಿ ಕಲಿತಿದ್ದೆ. ಮೊದಲನೆಯವರು “ಅವರಿಂದಲೇ ನಾನು ಈ ಸ್ಥಾನದಲ್ಲಿದ್ದೇನೆ” ಎಂದು ಬರೆದರೆ ಎರಡನೆಯವರು ಅದನ್ನೇ ಸ್ವಲ್ಪ ತಿರುಗಿಸಿ ಬರೆಯುತ್ತಾರೆ, ಹತ್ತನೆಯವರು ಕೈಮುಗಿಯುವ ಚಿತ್ರವನ್ನಷ್ಟೇ ಹಾಕುತ್ತಾರೆ. ಆದ್ದರಿಂದ ಈ ಸಲ ಒಬ್ಬೊಬ್ಬರಿಗೂ ಬೇರೆಯಾಗಿ ಸಂದೇಶ ಕಳಿಸಿ ಒಂದೇ ಪ್ರಶ್ನೆ ಕೇಳಿದೆ: “ಮೇಷ್ಟ್ರು ನಿನಗೊಬ್ಬನಿಗೇ ಹೇಳಿದ ಮಾತು ಅಥವಾ ನೀನೊಬ್ಬನೇ ಕಂಡ ಒಂದು ಸಂಗತಿಯನ್ನು ಹೇಳು. ಆಗ ಅವರು ಎಲ್ಲಿ ನಿಂತಿದ್ದರು, ಕೈಯಲ್ಲಿ ಏನಿತ್ತು?” ಕೊನೆಯ ಪ್ರಶ್ನೆ ಕ್ಷುಲ್ಲಕವೆನ್ನಿಸಬಹುದು, ಆದರೆ ಕೈಯಲ್ಲಿ ಏನಿತ್ತು ಎಂದು ನೆನೆಯಲು ಹೊರಟವರು ವಿಶೇಷಣಗಳನ್ನು ಬಿಟ್ಟು ಆ ಕೋಣೆಯೊಳಗೇ ಹೋಗಿ ನಿಲ್ಲುತ್ತಾರೆ. ಬರೆಯಲು ಹಿಂಜರಿಯುವವರಿಗೆ ಮಾತಾಡಿ ಕಳಿಸುವಂತೆ ಹೇಳಿದೆ. ಹತ್ತು ದಿನಗಳಲ್ಲಿ 29 ಉತ್ತರಗಳು ಬಂದವು, ಅವುಗಳಲ್ಲಿ ಹೆಚ್ಚಿನವು ಧ್ವನಿಯವೇ.

ಅವನ್ನೆಲ್ಲ ಬಂದ ಹಾಗೆಯೇ, ಆಡುಮಾತನ್ನು ತಿದ್ದದೆ ನೋಟ್‌ಪುಸ್ತಕಕ್ಕೆ ಇಳಿಸಿಕೊಂಡೆ. ಓದುತ್ತಾ ಹೋದಂತೆ ಒಂದೇ ಸಂಗತಿ ಎಷ್ಟು ಬಾಯಿಗಳಲ್ಲಿ ಬಂದಿದೆ ಎಂದು ಅಂಚಿನಲ್ಲಿ ಗೀಟು ಹಾಕಿದೆ. “ಉತ್ತರ ತಪ್ಪಿದರೂ ಚಿಂತೆಯಿಲ್ಲ, ಹಂತ ಬಿಡಬೇಡ” ಎಂಬ ಅವರ ಮಾತನ್ನು 14 ಮಂದಿ ನೆನೆದಿದ್ದರು. ನೆರಳನ್ನು ಅಳೆದು ಮರದ ಎತ್ತರ ಕಂಡುಹಿಡಿಸಿದ ಮಧ್ಯಾಹ್ನವನ್ನು ಒಂಬತ್ತು ಮಂದಿ ಹೇಳಿದ್ದರು. ಹೀಗೆ ಗೀಟುಗಳು ಹೆಚ್ಚಿದ ಸಂಗತಿಗಳು ಪತ್ರದ ಬೆನ್ನೆಲುಬಾಗುತ್ತವೆ. ಒಂದೇ ಗೀಟು ಬಿದ್ದ ಸಂಗತಿಗಳು ಇನ್ನೂ ಬೆಲೆಯುಳ್ಳವು, ಏಕೆಂದರೆ ಮೇಷ್ಟ್ರು ಅವುಗಳನ್ನು ಬೇರೆ ಯಾವ ಬಾಯಿಯಿಂದಲೂ ಕೇಳಿರುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಗೆಳತಿಯೊಬ್ಬಳು ಕಳಿಸಿದ ಧ್ವನಿ ಹೀಗಿತ್ತು: “ಸರ್ ಚಾಕ್‌ಪೀಸು ಉಗುರಿನಷ್ಟಾಗೋ ತನಕ ಬಿಸಾಡ್ತಿರ್ಲಿಲ್ಲ. ಆಮೇಲೆ ಆ ಚೂರನ್ನ ಕಿಟಕಿ ಹತ್ರ ಒಂದು ಡಬ್ಬೀಲಿ ಹಾಕೋರು. ಒಂದಿನ ಆ ಡಬ್ಬೀನೇ ನನ್ನ ಕೈಗೆ ಕೊಟ್ಟು, ಮನೇಲಿ ನೆಲದ ಮೇಲೆ ಲೆಕ್ಕ ಮಾಡು ಅಂದ್ರು. ನಮ್ಮನೇಲಿ ನೋಟ್‌ಬುಕ್ಕಿಗೆ ದುಡ್ಡಿಲ್ಲ ಅಂತ ಅವರಿಗೆ ಹೆಂಗೆ ಗೊತ್ತಾಯ್ತೋ.” ಡಬ್ಬಿಯನ್ನು ಬೇರೆ ಐದು ಮಂದಿಯೂ ನೆನೆದಿದ್ದರು, ಆದರೆ ಅದನ್ನು ಜಿಪುಣತನದ ಗುರುತಾಗಿ ನಗುತ್ತಾ ಹೇಳಿದ್ದರು. ನನ್ನ ಮೊದಲ ಕರಡಿನಲ್ಲಿ ಇದು “ಬಡ ವಿದ್ಯಾರ್ಥಿಗಳ ಕಷ್ಟವನ್ನು ಅರಿತು ನೆರವಾದ ನಿಮ್ಮ ಔದಾರ್ಯ” ಎಂದಾಗಿತ್ತು. ಓದಿ ನೋಡಿದರೆ ಡಬ್ಬಿಯೂ ಇರಲಿಲ್ಲ, ಹುಡುಗಿಯೂ ಇರಲಿಲ್ಲ. ಕೊನೆಗೆ ಪತ್ರದಲ್ಲಿ ಉಳಿದದ್ದು ಹೀಗೆ:

“ಕಿಟಕಿಯ ಬಳಿ ಇರುತ್ತಿದ್ದ ಡಬ್ಬಿಯನ್ನು ನಾವೆಲ್ಲರೂ ನೋಡಿದ್ದೇವೆ, ಅದರೊಳಗಿನ ಚಾಕ್‌ಪೀಸಿನ ಚೂರುಗಳನ್ನು ನೋಡಿ ನಕ್ಕಿದ್ದೇವೆ. ಅವು ಎಲ್ಲಿಗೆ ಹೋಗುತ್ತಿದ್ದವು ಎಂಬುದು ನಮ್ಮಲ್ಲೊಬ್ಬಳಿಗೆ ಮಾತ್ರ ಗೊತ್ತಿತ್ತು. ಆ ವರ್ಷವೆಲ್ಲ ಅವಳ ಮನೆಯ ನೆಲದ ಮೇಲೆ ಲೆಕ್ಕಗಳಿದ್ದವು.”

ಐದು ಮಂದಿಯ ಧ್ವನಿಯೂ ಒಬ್ಬಳ ಧ್ವನಿಯೂ ಮೂರು ವಾಕ್ಯಗಳಲ್ಲಿ ಸೇರಿವೆ, ಯಾವುದೂ ಇನ್ನೊಂದರಲ್ಲಿ ಕರಗಿಲ್ಲ. ‘ನೋಟ್‌ಬುಕ್ಕಿಗೆ ದುಡ್ಡಿಲ್ಲ’ ಎಂಬುದನ್ನು ನಾನು ಬೇಕೆಂದೇ ಬಿಟ್ಟೆ. ಅದು ಮೇಷ್ಟ್ರಿಗೆ ಗೊತ್ತಿದೆ, ಉಳಿದವರಿಗೆ ಗೊತ್ತಾಗಬೇಕಾಗಿಲ್ಲ.

ಇಲ್ಲಿ ಕನ್ನಡದ ಒಂದು ಸೂಕ್ಷ್ಮವಿದೆ. ಗುರುಗಳ ಮುಂದೆ ನಮ್ಮನ್ನು ನಾವೇ ‘ಒಬ್ಬರು’ ಎಂದು ಬಹುವಚನದಲ್ಲಿ ಹೇಳಿಕೊಳ್ಳುವುದು ಅಷ್ಟು ಒಪ್ಪುವುದಿಲ್ಲ. ವಯಸ್ಸು ನಲವತ್ತು ದಾಟಿದ್ದರೂ ಅವರೆದುರು ನಾವು ‘ಒಬ್ಬ’, ‘ಒಬ್ಬಳು’. ಆದರೆ ನಮ್ಮ ತರಗತಿಯಲ್ಲಿ ಹುಡುಗಿಯರು 14 ಮಂದಿ ಮಾತ್ರ ಇದ್ದುದರಿಂದ ‘ಒಬ್ಬಳು’ ಎಂದೊಡನೆ ಯಾರೆಂದು ಊಹಿಸುವುದು ಸುಲಭವಾಗಿಬಿಡುತ್ತದೆ. ಡಬ್ಬಿಯ ಗೆಳತಿ ತನ್ನ ಹೆಸರನ್ನೇ ಹಾಕಿದರೂ ಅಡ್ಡಿಯಿಲ್ಲ ಎಂದಿದ್ದಳು. ಪರೀಕ್ಷೆಯ ಶುಲ್ಕವನ್ನು ಮೇಷ್ಟ್ರೇ ಕಟ್ಟಿದ್ದನ್ನು ತಿಳಿಸಿದ ಇನ್ನೊಂದು ಜೀವ ಮಾತ್ರ ಯಾರಿಗೂ ಗೊತ್ತಾಗಬಾರದೆಂದು ಕೇಳಿಕೊಂಡಿತ್ತು. ಅಲ್ಲಿ ಮರ್ಯಾದೆಯ ನಿಯಮವನ್ನು ಬದಿಗಿಟ್ಟು ‘ನಮ್ಮಲ್ಲೊಬ್ಬರು’ ಎಂದೇ ಬರೆದೆ. ಬಹುವಚನ ಅಲ್ಲಿ ಗೌರವಕ್ಕಾಗಿ ಬಂದದ್ದಲ್ಲ, ಗುಟ್ಟು ಕಾಯುವುದಕ್ಕಾಗಿ ಬಂದದ್ದು.

‘ನಾವು’ ಎಂಬ ಪದವೇ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುತ್ತದೆ. ತುಳುವಿನಲ್ಲಿ ಕೇಳುವವರನ್ನು ಬಿಟ್ಟು ಹೇಳುವ ‘ಎಂಕುಲು’ ಬೇರೆ, ಅವರನ್ನೂ ಸೇರಿಸಿಕೊಳ್ಳುವ ‘ನಮ’ ಬೇರೆ. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಆದ್ದರಿಂದ “ನಾವು ಅಂದು ಮರದ ನೆರಳನ್ನು ಅಳೆದೆವು” ಎಂದರೆ ಮೇಷ್ಟ್ರೂ ಅದರೊಳಗೆ ಬರುತ್ತಾರೆ, “ನಾವು ನಿಮಗೆ ಹೆದರುತ್ತಿದ್ದೆವು” ಎಂದರೆ ಬರುವುದಿಲ್ಲ. ಎರಡು ಬಗೆಯ ‘ನಾವು’ ಒಂದೇ ಕಂಡಿಕೆಯಲ್ಲಿ ಬಂದರೆ ಓದುವ ಹಿರಿಯರು ಒಂದು ಕ್ಷಣ ತಡವರಿಸುತ್ತಾರೆ, ಹಾಗಾಗಿ ಮೊದಲನೆಯದಕ್ಕೆ ‘ನೀವೂ ನಾವೂ’ ಎಂದು ಬಿಡಿಸಿ ಬರೆದೆ.

ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿದೆ. ಪತ್ರದ ‘ನಾವು’ ಇರುವ ಪ್ರತಿಯೊಂದು ವಾಕ್ಯವನ್ನೂ ಹೆಸರುಗಳ ಪಟ್ಟಿಯ ಪಕ್ಕದಲ್ಲಿಟ್ಟುಕೊಂಡು, ಈ ವಾಕ್ಯಕ್ಕೆ ಇವನು ಸಹಿ ಹಾಕುವನೇ ಎಂದು ಒಬ್ಬೊಬ್ಬರ ಹೆಸರಿಗೂ ಕೇಳಿಕೊಳ್ಳಬೇಕು. 29 ಉತ್ತರಗಳಲ್ಲಿ ಒಂದು ಸಿಹಿಯಾಗಿರಲಿಲ್ಲ. ಒಂದು ತಿಂಗಳ ಕಾಲ ಲೆಕ್ಕದ ಪಾಠವನ್ನು ಬಾಗಿಲಾಚೆ ನಿಂತೇ ಕೇಳಿದವನು ಅದನ್ನು ಬರೆದಿದ್ದ, ಆ ಅವಮಾನ ತನ್ನಲ್ಲಿ ಇನ್ನೂ ಇದೆ ಎಂದೂ ಬರೆದಿದ್ದ. ಹುಟ್ಟುಹಬ್ಬದ ಪತ್ರದಲ್ಲಿ ದೂರು ಹೇಳುವುದು ಸರಿಯಲ್ಲ. ಆದರೆ “ನಾವೆಲ್ಲರೂ ಜೀವಮಾನವಿಡೀ ನಿಮಗೆ ಋಣಿಗಳು” ಎಂದು ಬರೆದು ಅವನ ಹೆಸರನ್ನೂ ಕೆಳಗೆ ಸೇರಿಸಿದರೆ ಅವನ ಬಾಯಿಂದ ಸುಳ್ಳು ಹೇಳಿಸಿದಂತೆ. ನಾನು ಅವನಿಗೆ ಫೋನ್ ಮಾಡಿ ಆ ವಾಕ್ಯವನ್ನು ಓದಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಗಿಲಾಚೆ ನಿಂತೂ ಪೈಥಾಗೊರಸ್ ಪ್ರಮೇಯ ಕಲಿತೆ ಅಂತ ಬೇಕಾದ್ರೆ ಹಾಕು, ಅದು ನಿಜ” ಎಂದ. ಋಣದ ವಾಕ್ಯ ಹೋಯಿತು, ಅವನ ವಾಕ್ಯ ಬಂತು: “ನಿಮ್ಮ ದನಿ ಬಾಗಿಲಾಚೆ ನಿಂತವನಿಗೂ ಕೇಳಿಸುತ್ತಿತ್ತು. ಪೈಥಾಗೊರಸ್ ಪ್ರಮೇಯವನ್ನು ನಮ್ಮಲ್ಲೊಬ್ಬ ಅಲ್ಲಿಂದಲೇ ಕಲಿತ.” ಇಡೀ ಪತ್ರದಲ್ಲಿ ನನಗೆ ಹೆಚ್ಚು ಪ್ರಿಯವಾದ ಸಾಲುಗಳು ಇವೇ.

ನೆನಪುಗಳು ಒಂದಕ್ಕೊಂದು ಹೊಂದದಿದ್ದಾಗ ಯಾರದು ಸರಿ ಎಂದು ತೀರ್ಪು ಕೊಡಲು ಹೋಗಬಾರದು. ನೆರಳನ್ನು ಅಳೆದ ಮರ ತೆಂಗಿನದೆಂದು ಆರು ಮಂದಿ, ನೀಲಗಿರಿಯೆಂದು ಮೂವರು ಹೇಳಿದ್ದರು. ಗುಂಪಿನಲ್ಲಿ ಕೇಳಿದ್ದರೆ ಎರಡು ದಿನ ವಾದವಾಗಿ, ಕೊನೆಗೆ ಜೋರು ಬಾಯಿಯವರ ಮರ ಗೆಲ್ಲುತ್ತಿತ್ತು. “ಆ ಮರ ತೆಂಗಿನದೋ ನೀಲಗಿರಿಯದೋ ಎಂಬುದರಲ್ಲಿ ನಮಗೆ ಇಂದಿಗೂ ಒಮ್ಮತವಿಲ್ಲ, ಕೋಲಿನ ನೆರಳಿಗೂ ಕೋಲಿಗೂ ಇರುವ ಪ್ರಮಾಣವೇ ಮರದ ನೆರಳಿಗೂ ಮರಕ್ಕೂ ಇರುತ್ತದೆ ಎಂಬುದರಲ್ಲಿ ಒಮ್ಮತವಿದೆ” ಎಂದು ಬರೆದೆ. ಒಂದು ಪತ್ರದೊಳಗೆ ಹಲವರು ಮಾತಾಡುತ್ತಿದ್ದಾರೆ ಎಂಬುದು ಒಪ್ಪಿಗೆಯ ವಾಕ್ಯಗಳಿಗಿಂತ ಇಂತಹ ವಾಕ್ಯದಿಂದಲೇ ಚೆನ್ನಾಗಿ ತಿಳಿಯುತ್ತದೆ.

ಶುಭಾಶಯದ ಸಾಲಿನ ಬಗ್ಗೆ ಒಂದು ಮಾತು. ‘ನೂರು ಕಾಲ ಬಾಳಿ’ ಎಂಬುದು ಹಿರಿಯರು ಕಿರಿಯರಿಗೆ ಹರಸುವ ಮಾತು, ಶಿಷ್ಯರ ಬಾಯಲ್ಲಿ ಅದು ತಲೆಕೆಳಗಾಗುತ್ತದೆ. ನಾವು ಅವರ ಆರೋಗ್ಯಕ್ಕಾಗಿ ಪ್ರಾರ್ಥಿಸುತ್ತೇವೆ ಎಂದು ಬರೆದು, ಆಶೀರ್ವಾದವನ್ನು ಅವರಿಂದಲೇ ಬೇಡಿದೆವು. ಸಂಬೋಧನೆಯಲ್ಲೂ ‘ಪೂಜ್ಯ ಗುರುಗಳ ಪಾದಾರವಿಂದಗಳಿಗೆ’ ಎಂದು ತೊಡಗದೆ, ಅಂದು ಕೂಗುತ್ತಿದ್ದ ‘ಮೇಷ್ಟ್ರೇ’ ಎಂಬುದನ್ನೇ ಉಳಿಸಿಕೊಂಡೆವು. ಪತ್ರವೆಲ್ಲ 300 ಪದಗಳೊಳಗೆ ನಿಂತಿತು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದುವವರಿಗೆ ಒಂದೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ಮುಗಿಯಬೇಕೆಂಬುದು ನನ್ನ ಲೆಕ್ಕವಾಗಿತ್ತು. ಸ್ಥಳವಿಲ್ಲದೆ ಬಿಟ್ಟ ಉತ್ತರಗಳನ್ನು ಬೇರೆ ಹಾಳೆಗಳಲ್ಲಿ, ಹೇಳಿದವರ ಮಾತಿನಲ್ಲೇ ಬೆರಳಚ್ಚು ಮಾಡಿ ಅದೇ ಲಕೋಟೆಯಲ್ಲಿಟ್ಟೆವು. ಗುಟ್ಟಾಗಿಡಬೇಕಾದದ್ದು ಅಲ್ಲಿಯೂ ಇರಲಿಲ್ಲ.

ಕೆಳಗಿನ ಹೆಸರುಗಳನ್ನು ಹುದ್ದೆಯ ಪ್ರಕಾರವಾಗಲಿ ಅಕಾರಾದಿಯಾಗಿಯಾಗಲಿ ಬರೆಯಲಿಲ್ಲ. ಹಾಜರಿ ಪುಸ್ತಕದ ಕ್ರಮದಲ್ಲೇ, ಅಂದಿನ ಇನಿಷಿಯಲ್ ಹಾಗೂ ಬರುತ್ತಿದ್ದ ಊರಿನ ಸಮೇತ ಬರೆದೆವು. ಮದುವೆಯ ನಂತರ ಹೆಸರು ಬದಲಾದ ಗೆಳತಿಯರನ್ನು ಮೇಷ್ಟ್ರು ಗುರುತಿಸುವುದು ಹಳೆಯ ಹೆಸರಿನಿಂದಲೇ. ಉತ್ತರ ಕೊಡದ ಒಂಬತ್ತು ಮಂದಿಗೂ ಕರಡನ್ನು ಕಳಿಸಿ, ಹೆಸರು ಸೇರಿಸಬಹುದೇ ಎಂದು ಕೇಳಿ ಒಪ್ಪಿಗೆ ಪಡೆದೆವು. ತೀರಿಹೋದ ಇಬ್ಬರ ಹೆಸರುಗಳನ್ನು ಮನೆಯವರನ್ನು ಕೇಳಿ ಅವರವರ ಸಂಖ್ಯೆಯಲ್ಲೇ ಇರಿಸಿದೆವು, ಪಕ್ಕದಲ್ಲಿ ಯಾವ ಗುರುತನ್ನೂ ಹಾಕಲಿಲ್ಲ. ವಿಳಾಸ ಸಿಗದ ಆರು ಮಂದಿಯ ಸಂಖ್ಯೆಗಳ ಮುಂದೆ ಜಾಗ ಖಾಲಿ ಬಿಟ್ಟೆವು. ಮೇಷ್ಟ್ರು ಅವುಗಳಲ್ಲಿ ನಾಲ್ಕನ್ನು ತಮ್ಮ ಪೆನ್ನಿನಿಂದ ತುಂಬಿದ್ದಾರೆಂದು ಅವರ ಮಗಳು ಮರುದಿನ ಫೋನಿನಲ್ಲಿ ತಿಳಿಸಿದರು.