ಐಎಫ್‌ಎಸ್‌ಸಿ ಪಟ್ಟಿಗೆ ಇನ್‌ಕ್ರಿಮೆಂಟಲ್ ಲೋಡ್ ಯಾಕೆ ಬೇಡ ಅಂದೆ

2021ರ ಜುಲೈ ಮೊದಲ ವಾರ. ಬೆಂಗಳೂರಿನ ಒಂದು ಸಾಲ ಕೊಡುವ ಕಂಪನಿಯಲ್ಲಿ ನಾನು ಡೇಟಾ ಎಂಜಿನಿಯರ್. ಗ್ರಾಹಕರಿಗೆ ಹಣ ವಾಪಸ್ ಕೊಡುವ ರಿಫಂಡ್ ಫೈಲ್ ನಮ್ಮ ವೇರ್‌ಹೌಸ್‌ನಿಂದಲೇ ತಯಾರಾಗುತ್ತಿತ್ತು. ಫೈಲ್ ಬ್ಯಾಂಕಿಗೆ ಹೋಗುವ ಮೊದಲು ಒಂದು ಸಣ್ಣ ಪರೀಕ್ಷೆ ಇತ್ತು: ಗ್ರಾಹಕರ ಖಾತೆಯ ಐಎಫ್‌ಎಸ್‌ಸಿ ಕೋಡ್ ನಮ್ಮ `ref_ifsc` ಟೇಬಲ್‌ನಲ್ಲಿ ಇದೆಯಾ ಅಂತ. ಇದ್ದರೆ ಮುಂದಕ್ಕೆ, ಇಲ್ಲದಿದ್ದರೆ ಪಕ್ಕಕ್ಕೆ. ಆ ವಾರ ಪರೀಕ್ಷೆ ಪಾಸಾದ ಪಾವತಿಗಳೇ ಸಾಲಾಗಿ ವಾಪಸ್ ಬರತೊಡಗಿದವು. ತೆಗೆದು ನೋಡಿದರೆ ಎಲ್ಲವೂ `SYNB` ಅಂತ ಶುರುವಾಗುವ ಕೋಡ್‌ಗಳು.

ಕರಾವಳಿ ಕಡೆಯವರಿಗೆ ಇದು ಬೇಗ ಹೊಳೆಯುತ್ತದೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಹಳೆಯ ಕೋಡ್‌ಗಳು ಅದಾದ ಮೇಲೂ ಒಂದು ವರ್ಷದ ಮೇಲೆ ನಡೆದವು, 2021ರ ಜುಲೈ 1ರಿಂದ ನಿಂತವು. ಬದಲಾವಣೆಯ ರೀತಿ ಸರಳವಾಗಿತ್ತು: `SYNB0003687` ಇದ್ದದ್ದು `CNRB0013687` ಆಯಿತು, ಅಂದರೆ ಬ್ಯಾಂಕಿನ ಹೆಸರು ಬದಲು, ಸಂಖ್ಯೆಗೆ 10000 ಕೂಡಿಕೆ. (ನಮ್ಮ ದೊಡ್ಡಮ್ಮ ಇವತ್ತಿಗೂ "ಸಿಂಡಿಕೇಟಿಗೆ ಹೋಗಿ ಬರ್ತೇನೆ" ಅಂತಲೇ ಹೇಳೋದು. ಅದನ್ನು ಬದಲಾಯಿಸುವ ಲೋಡ್ ಯಾವುದೂ ಇಲ್ಲ.)

ನಮ್ಮ ಆಪರೇಷನ್ಸ್ ತಂಡ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ರಿಸರ್ವ್ ಬ್ಯಾಂಕಿನ ಪಟ್ಟಿ ನೋಡಿ, ಅವರ ಮೈಎಸ್‌ಕ್ಯೂಎಲ್ ಟೇಬಲ್‌ನಿಂದ ಹಳೆಯ ಸಾಲುಗಳನ್ನು ಅಳಿಸಿ ಹೊಸವನ್ನು ಸೇರಿಸಿದ್ದರು. ಹೊಸ `CNRB` ಸಾಲುಗಳು ನಮ್ಮ ವೇರ್‌ಹೌಸ್‌ಗೂ ಬಂದಿದ್ದವು. ಹಳೆಯವು ಮಾತ್ರ ಹೋಗಿರಲಿಲ್ಲ.

ಕಾರಣ ಲೋಡ್ ಬರೆದ ರೀತಿಯಲ್ಲೇ ಇತ್ತು. ಆ ಜಾಬ್ ನಾನು ಸೇರುವ ಮೊದಲೇ ಇದ್ದದ್ದು. ರಾತ್ರಿ ಒಮ್ಮೆ ಓಡಿ, ಹಿಂದಿನ ಸಲ ನೋಡಿದ ಕೊನೆಯ `updated_at` ಗಿಂತ ಹೊಸದಾದ ಸಾಲುಗಳನ್ನಷ್ಟೇ ಎತ್ತಿಕೊಂಡು, ಕೋಡ್ ಇದ್ದರೆ ತಿದ್ದಿ, ಇಲ್ಲದಿದ್ದರೆ ಸೇರಿಸುತ್ತಿತ್ತು. ಇದೇ ಇನ್‌ಕ್ರಿಮೆಂಟಲ್ ಲೋಡ್. ಅಳಿಸಿದ ಸಾಲಿಗೆ `updated_at` ಎಲ್ಲಿಂದ ಬರಬೇಕು? ಅದು ಇಲ್ಲವೇ ಇಲ್ಲ. ಇಲ್ಲದ್ದನ್ನು "ಹೊಸದಾಗಿ ಬದಲಾದದ್ದು ಕೊಡು" ಅಂತ ಕೇಳಿ ಪಡೆಯಲಾಗದು. ಜಾಬ್ ಪ್ರತಿದಿನ ಹಸಿರು ಬಣ್ಣದಲ್ಲೇ ಮುಗಿಯುತ್ತಿತ್ತು, ಯಾವ ಎರರ್ ಕೂಡ ಇರಲಿಲ್ಲ.

ಹುಡುಕುವಾಗ ಇನ್ನೊಂದು ತೂತು ಸಿಕ್ಕಿತು. `updated_at` ಕಾಲಮ್ಮನ್ನು ಬದಲಾಯಿಸುತ್ತಿದ್ದದ್ದು ಅವರ ಅಪ್ಲಿಕೇಷನ್, ಡೇಟಾಬೇಸ್ ಅಲ್ಲ. ಯಾರಾದರೂ ನೇರವಾಗಿ `UPDATE` ಓಡಿಸಿ ಶಾಖೆಯ ಹೆಸರೋ ಊರೋ ಸರಿಪಡಿಸಿದರೆ ಆ ಕಾಲಮ್ ಹಾಗೇ ಉಳಿಯುತ್ತಿತ್ತು, ನಮಗೆ ತಿದ್ದುಪಡಿ ತಲುಪುತ್ತಿರಲಿಲ್ಲ. ರೆಫರೆನ್ಸ್ ಟೇಬಲ್‌ಗಳಲ್ಲಿ ಹೀಗೆ ಕೈಯಿಂದ ತಿದ್ದುವುದು ಜಾಸ್ತಿ. ವ್ಯವಹಾರದ ಟೇಬಲ್ ಮುಟ್ಟಲು ಎಲ್ಲರೂ ಹೆದರುತ್ತಾರೆ, ಶಾಖೆಗಳ ಪಟ್ಟಿ ಅಂದರೆ ಸುಮ್ನೆ ಒಂದು ಕ್ವೆರಿ ಓಡಿಸಿಬಿಡುತ್ತಾರೆ.

ಮೊದಲು ಬಂದ ಸಲಹೆ, ಮೂಲದಲ್ಲಿ ಸಾಲು ಅಳಿಸದೆ `is_deleted` ಕಾಲಮ್ ಇಡಿಸೋಣ, ಜೊತೆಗೆ `updated_at` ತಾನಾಗಿ ಬದಲಾಗುವಂತೆ ಮಾಡಿಸೋಣ ಅಂತ. ತಪ್ಪೇನಿಲ್ಲ. ಆದರೆ ಅದಕ್ಕೆ ಇನ್ನೊಂದು ತಂಡ ಅವರ ಟೇಬಲ್ ಬದಲಾಯಿಸಬೇಕು, ಆ ಟೇಬಲ್ ಓದುವ ಎಲ್ಲ ಕೋಡ್‌ನಲ್ಲೂ ಹೊಸ ಷರತ್ತು ಹಾಕಬೇಕು, ಯಾರೂ ಇನ್ನು ಮುಂದೆ ನಿಜವಾಗಿ ಅಳಿಸಬಾರದು ಅನ್ನುವ ಶಿಸ್ತು ಇರಬೇಕು. ಇಷ್ಟೆಲ್ಲಾ ಯಾವುದನ್ನು ಉಳಿಸಲು?

ಆಗ ಲೆಕ್ಕ ಹಾಕಿದೆವು. ಟೇಬಲ್‌ನಲ್ಲಿ ಇದ್ದದ್ದು ಸುಮಾರು 1.7 ಲಕ್ಷ ಸಾಲು. ಒಂದು ಸಾಲಿಗೆ 200 ಬೈಟ್ ಅಂದುಕೊಂಡರೂ ಒಟ್ಟು 34 ಎಂಬಿ. ಮೊಬೈಲ್‌ನಲ್ಲಿ ತೆಗೆದ ಹತ್ತು ಫೋಟೊಗಳಷ್ಟು. ಪ್ರತಿದಿನ ಇಡೀ ಟೇಬಲ್ ಎಳೆದು ತಂದರೂ, ಅಂದರೆ ಫುಲ್ ರಿಫ್ರೆಶ್ ಮಾಡಿದರೂ, ಒಂದು ನಿಮಿಷ ಹಿಡಿಯುವುದಿಲ್ಲ. ಇನ್‌ಕ್ರಿಮೆಂಟಲ್‌ನಿಂದ ಉಳಿಯುತ್ತಿದ್ದದ್ದು ಆ ಒಂದು ನಿಮಿಷ, ಅದೂ ಯಾರೂ ಕಾಯದ ರಾತ್ರಿ ಹೊತ್ತಿನಲ್ಲಿ. ಅದಕ್ಕೆ ನಾವು ಕೊಡುತ್ತಿದ್ದ ಬೆಲೆ ಎಂದರೆ ಕೊನೆಯ ಸಮಯ ನೆನಪಿಡುವ ಇನ್ನೊಂದು ಟೇಬಲ್, ತಿದ್ದು-ಸೇರಿಸುವ ತರ್ಕ, ಮತ್ತು ಮೂಲಕ್ಕೂ ನಮಗೂ ಎಂದೋ ಶುರುವಾದ ವ್ಯತ್ಯಾಸ ಎಂದೂ ತಾನಾಗಿ ಸರಿಹೋಗದ ಸ್ಥಿತಿ. ಫುಲ್ ರಿಫ್ರೆಶ್‌ನಲ್ಲಿ ಇವತ್ತು ಏನೋ ತಪ್ಪಾದರೂ ನಾಳೆ ಮೂಲದಲ್ಲಿ ಇರುವುದೇ ಬರುತ್ತದೆ.

ಹಾಗಂತ ಫುಲ್ ರಿಫ್ರೆಶ್ ಅಂದರೆ "ಖಾಲಿ ಮಾಡಿ ತುಂಬು" ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳುವುದಲ್ಲ.

ನಮ್ಮ ವೇರ್‌ಹೌಸ್ ಪೋಸ್ಟ್‌ಗ್ರೆಸ್. ಅಲ್ಲಿ `TRUNCATE` ಇಡೀ ಟೇಬಲ್ ಮೇಲೆ ಎಲ್ಲಕ್ಕಿಂತ ಗಟ್ಟಿ ಬೀಗ ಹಾಕುತ್ತದೆ, ಟ್ರಾನ್ಸಾಕ್ಷನ್ ಮುಗಿಯುವವರೆಗೆ ಓದುವವರೂ ಕಾಯಬೇಕು. ಟ್ರಾನ್ಸಾಕ್ಷನ್ ಇಲ್ಲದೆ ಮಾಡಿದರೆ ಇನ್ನೂ ಕಷ್ಟ: ಖಾಲಿಯಾಗಿರುವ ಆ ಗಳಿಗೆಯಲ್ಲಿ ರಿಫಂಡ್ ಫೈಲ್ ಓಡಿದರೆ ಒಂದೂ ಕೋಡ್ ಸಿಗುವುದಿಲ್ಲ. ಹೊಸ ಟೇಬಲ್ ಕಟ್ಟಿ ಹೆಸರು ಅದಲು ಬದಲು ಮಾಡುವ ದಾರಿಯೂ ಇದೆ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ವ್ಯೂ ಅಂಟಿಕೊಳ್ಳುವುದು ಟೇಬಲ್‌ಗೆ, ಅದರ ಹೆಸರಿಗಲ್ಲ. ಹೆಸರು ಬದಲಿಸಿದ ಮೇಲೂ ವ್ಯೂ ಹಳೆಯ ಟೇಬಲ್ಲನ್ನೇ ಓದುತ್ತಾ ಕೂತಿರುತ್ತದೆ. ಹೊಸ ಟೇಬಲ್‌ಗೆ ಓದುವ ಅನುಮತಿಗಳನ್ನೂ ಮತ್ತೆ ಕೊಡಬೇಕು.

ಮೂಲದಿಂದ ಎಳೆದ ಪಟ್ಟಿಯನ್ನು ಮೊದಲು `stg_ifsc` ಅನ್ನುವ ಟೇಬಲ್‌ಗೆ ತುಂಬಿಕೊಂಡರೆ, ಇಷ್ಟು ಸಣ್ಣ ಟೇಬಲ್‌ಗೆ ಹಳೆಯ `DELETE` ಸಾಕು:

```sql
BEGIN;
DELETE FROM ref_ifsc;
INSERT INTO ref_ifsc (ifsc, bank, branch, city)
SELECT ifsc, bank, branch, city FROM stg_ifsc;
COMMIT;
```

`COMMIT` ಆಗುವವರೆಗೆ ಬೇರೆಯವರಿಗೆ ಹಳೆಯ ಪಟ್ಟಿ ಪೂರ್ತಿಯಾಗಿ ಕಾಣುತ್ತದೆ, ಆಮೇಲೆ ಹೊಸದು ಪೂರ್ತಿಯಾಗಿ. ಮಧ್ಯೆ ಏನಾದರೂ ಬಿದ್ದರೆ ಹಳೆಯದೇ ಉಳಿಯುತ್ತದೆ. ಅಳಿಸಿದ ಸಾಲುಗಳ ಜಾಗವನ್ನು ಆಟೋವ್ಯಾಕ್ಯೂಮ್ ಆಮೇಲೆ ಬಿಡಿಸಿಕೊಡುತ್ತದೆ. ದಿನಕ್ಕೊಮ್ಮೆ 1.7 ಲಕ್ಷ ಸಾಲು ಅದಕ್ಕೆ ಹೊರೆಯೇ ಅಲ್ಲ. ಮೊದಲ ಹಂತದ `stg_ifsc` ಟೇಬಲ್ಲನ್ನು ಬೇರೆ ಯಾರೂ ಓದುವುದಿಲ್ಲ, ಹಾಗಾಗಿ ಅಲ್ಲಿ ಧಾರಾಳವಾಗಿ `TRUNCATE` ಮಾಡಬಹುದು. ಒಂದು ಎಚ್ಚರಿಕೆ: ತಾನಾಗಿ ಹುಟ್ಟುವ `id` ಸಂಖ್ಯೆಯನ್ನು ಬೇರೆ ಟೇಬಲ್‌ಗಳು ಹಿಡಿದುಕೊಂಡಿದ್ದರೆ ಈ ಆಟ ನಡೆಯದು, ಪ್ರತಿದಿನ ಸಂಖ್ಯೆ ಬದಲಾಗುತ್ತದೆ. ನಮ್ಮಲ್ಲಿ ಎಲ್ಲರೂ 11 ಅಕ್ಷರದ ಕೋಡ್‌ನಿಂದಲೇ ಜೋಡಿಸುತ್ತಿದ್ದರು, ಬಚಾವಾದೆವು.

ಫುಲ್ ರಿಫ್ರೆಶ್‌ನ ನಿಜವಾದ ಅಪಾಯ ಬೇರೆ. ಮೂಲದಲ್ಲಿ ಅರ್ಧ ಪಟ್ಟಿ ಇದ್ದ ಹೊತ್ತಿನಲ್ಲಿ ನಾವು ಎಳೆದರೆ, ಅರ್ಧ ಪಟ್ಟಿಯನ್ನೇ ವಿಧೇಯವಾಗಿ ತುಂಬಿಕೊಳ್ಳುತ್ತೇವೆ. ಇನ್‌ಕ್ರಿಮೆಂಟಲ್‌ನಲ್ಲಿ ಹೀಗಾಗುವುದಿಲ್ಲ, ಅದು ಏನನ್ನೂ ಕಳೆದುಕೊಳ್ಳದು. ಹಾಗಾಗಿ ಬದಲಾಯಿಸುವ ಮೊದಲು ಒಂದು ತಡೆ ಬೇಕು. ಸಾಮಾನ್ಯವಾಗಿ ಎಲ್ಲರೂ ಹಾಕುವುದು ಸಾಲುಗಳ ಎಣಿಕೆ: ಹಿಂದಿನ ದಿನಕ್ಕಿಂತ ತುಂಬಾ ಕಮ್ಮಿ ಇದ್ದರೆ ನಿಲ್ಲು. ಖಾಲಿ ಫೈಲ್, ಅರ್ಧ ಫೈಲ್ ಹಿಡಿಯಲು ಅದು ಸಾಕು.

ಆದರೆ ಜುಲೈ 1ರ ಬದಲಾವಣೆಯನ್ನೇ ಇದರ ಮುಂದೆ ಇಟ್ಟು ನೋಡಿ. ಸಿಂಡಿಕೇಟ್ ಬ್ಯಾಂಕಿನ ಶಾಖೆಗಳು ಸುಮಾರು ನಾಲ್ಕು ಸಾವಿರ. ಅಷ್ಟು ಕೋಡ್ ಹೋದವು, ಹೆಚ್ಚು ಕಡಿಮೆ ಅಷ್ಟೇ ಕೋಡ್ ಬಂದವು. ಒಟ್ಟು ಎಣಿಕೆ ಅಲ್ಲಾಡುವುದೇ ಇಲ್ಲ! ಹಾಗಾಗಿ ಎಷ್ಟು ಸಾಲು ಇವೆ ಅಂತ ಕೇಳುವ ಬದಲು, ನಮ್ಮಲ್ಲಿದ್ದ ಕೋಡ್‌ಗಳಲ್ಲಿ ಎಷ್ಟು ಹೊಸ ಪಟ್ಟಿಯಲ್ಲಿ ಕಾಣೆ ಅಂತ ಕೇಳಿದೆವು:

```sql
SELECT count(*) FROM ref_ifsc r
WHERE NOT EXISTS (
  SELECT 1 FROM stg_ifsc s WHERE s.ifsc = r.ifsc);
```

ಕಾಣೆಯಾದವು 1% ದಾಟಿದರೆ ಜಾಬ್ ನಿಲ್ಲುತ್ತದೆ, ಹಳೆಯ ಪಟ್ಟಿ ಹಾಗೇ ಇರುತ್ತದೆ, ಡ್ಯೂಟಿಯಲ್ಲಿ ಇರುವವರಿಗೆ ಮೆಸೇಜ್ ಹೋಗುತ್ತದೆ. ನಾಲ್ಕು ಸಾವಿರ ಅಂದರೆ ನಮ್ಮ ಟೇಬಲ್‌ನ 2.3%ರಷ್ಟು, ಅಂದರೆ ಆ ದಿನವೂ ಈ ತಡೆ ಜಾಬ್ ನಿಲ್ಲಿಸುತ್ತಿತ್ತು. ನಿಲ್ಲಲಿ. ಬ್ಯಾಂಕುಗಳು ದಿನಾ ಸೇರಿಕೊಳ್ಳುವುದಿಲ್ಲ. ಅಂಥ ದಿನ ಒಬ್ಬರು ಕಾಣೆಯಾದ ಕೋಡ್‌ಗಳ ಮೊದಲ ನಾಲ್ಕು ಅಕ್ಷರ ನೋಡಿ, ಎಲ್ಲಾ ಒಂದೇ ಬ್ಯಾಂಕಿನವಾ ಅಥವಾ ಚೆಲ್ಲಾಪಿಲ್ಲಿಯಾ ಅಂತ ತಿಳಿದುಕೊಂಡು ಒಪ್ಪಿಗೆ ಕೊಟ್ಟರೆ ಆಯಿತು. ಚೆಲ್ಲಾಪಿಲ್ಲಿ ಆಗಿದ್ದರೆ ಹೆಚ್ಚಾಗಿ ಅದು ಅರ್ಧ ಬಂದ ಪಟ್ಟಿ.

ಬದಲಾವಣೆ ಹಾಕಿದ ಮರುದಿನವೇ ರಿಪೋರ್ಟ್ ತಂಡದ ಸಹೋದ್ಯೋಗಿ ಮೇಜಿನ ಹತ್ತಿರ ಬಂದರು.

"ನೋಡಿ, ಹೋದ ವರ್ಷದ ಪಾವತಿಗಳಲ್ಲಿ ಶಾಖೆಯ ಹೆಸರೇ ಬರ್ತಿಲ್ಲ."

"ಯಾವ ಕೋಡ್ ಮೇಡಂ?"

"ಎಲ್ಲಾ `SYNB`."

ಅವರು ಹೇಳಿದ್ದು ನ್ಯಾಯವೇ. ಹೊಸ ಪಾವತಿಗೆ `SYNB` ಇರಬಾರದು, ಹಳೆಯ ಪಾವತಿಯ ವಿವರಕ್ಕೆ ಇರಲೇಬೇಕು. ಹಿಂದಿನ ಲೋಡ್ ಅಳಿಸದೆ ಬಿಟ್ಟಿದ್ದರಿಂದ ಅವರ ರಿಪೋರ್ಟ್ ಇಷ್ಟು ದಿನ ಅದೃಷ್ಟದಿಂದ ಸರಿಯಾಗಿತ್ತು. ಇಲ್ಲಿ ಕೆಲವರು ಪ್ರತಿ ಸಾಲಿಗೂ ಯಾವಾಗಿನಿಂದ, ಯಾವಾಗಿನವರೆಗೆ ಅನ್ನುವ ಎರಡು ತಾರೀಕು ಹಾಕಿ ಪೂರ್ತಿ ಇತಿಹಾಸ ಇಡೋಣ ಅಂದರು. ನಾನು ಒಪ್ಪಲಿಲ್ಲ. ಆಮೇಲೆ ಈ ಟೇಬಲ್ ಓದುವ ಪ್ರತಿಯೊಬ್ಬರೂ ತಾರೀಕಿನ ಷರತ್ತು ಬರೆಯಬೇಕು. ಒಬ್ಬರು ಮರೆತರೂ ಸಾಲುಗಳು ಡಬಲ್ ಆಗಿ ಮೊತ್ತ ಕೆಡುತ್ತದೆ.

ಅದರ ಬದಲು `ref_ifsc_retired` ಅಂತ ಒಂದು ಟೇಬಲ್ ಇಟ್ಟೆವು. `DELETE` ಗೆ ಮೊದಲು, ಅದೇ ಟ್ರಾನ್ಸಾಕ್ಷನ್‌ನಲ್ಲಿ, ಮೇಲಿನ ಕ್ವೆರಿಯಲ್ಲಿ ಸಿಕ್ಕ ಸಾಲುಗಳನ್ನು ಆ ದಿನದ ತಾರೀಕಿನ ಜೊತೆ ಅಲ್ಲಿಗೆ ದಾಟಿಸುತ್ತೇವೆ. ಪಾವತಿಯ ಪರೀಕ್ಷೆ `ref_ifsc` ಮಾತ್ರ ನೋಡುತ್ತದೆ. ಹಳೆಯ ರಿಪೋರ್ಟ್‌ಗಳು ಎರಡನ್ನೂ ಸೇರಿಸಿದ ವ್ಯೂ ನೋಡುತ್ತವೆ. ಆ ವ್ಯೂ ಬರೆಯುವಾಗ, ನಿವೃತ್ತಿಯಾದ ಕೋಡ್ ಮತ್ತೆ ಮುಖ್ಯ ಪಟ್ಟಿಗೆ ಬಂದಿದ್ದರೆ ಅದನ್ನು ಬಿಟ್ಟುಬಿಡುವ ಷರತ್ತು ಒಂದನ್ನು ಹಾಕಬೇಕು, ಇಲ್ಲದಿದ್ದರೆ ಅದೇ ಡಬಲ್ ಸಮಸ್ಯೆ ಹಿಂಬಾಗಿಲಿನಿಂದ ಬರುತ್ತದೆ. ಈ ವಿಧಾನಕ್ಕೂ ಮಿತಿ ಇದೆ. ಕೋಡ್ ಹಾಗೇ ಇದ್ದು ಶಾಖೆಯ ಹೆಸರಷ್ಟೇ ಬದಲಾದರೆ ಹಳೆಯ ಹೆಸರು ಹೋಯಿತು ಅಂತಲೇ ಲೆಕ್ಕ. ಯಾರಿಗೂ ಅದು ಬೇಕಿರಲಿಲ್ಲ. ತೆರಿಗೆ ದರದ ಟೇಬಲ್ ಆಗಿದ್ದರೆ ಈ ಉತ್ತರ ನಡೆಯುತ್ತಿರಲಿಲ್ಲ. ಅಲ್ಲಿ ಅದೇ ವಸ್ತುವಿಗೆ ಒಂದು ತಾರೀಕಿನ ಮೊದಲು ಒಂದು ದರ, ಆಮೇಲೆ ಇನ್ನೊಂದು. ತಾರೀಕು ಆ ಡೇಟಾದ ಒಳಗೇ ಇರಬೇಕಾದ ಸಂಗತಿ, ಲೋಡ್ ಮಾಡುವವರು ಅಂಟಿಸುವಂಥದ್ದಲ್ಲ. ಮೂಲದ ಟೇಬಲ್‌ನಲ್ಲೇ ತಾರೀಕುಗಳಿದ್ದರೆ ಅದನ್ನೂ ಪೂರ್ತಿಯಾಗಿಯೇ ಎಳೆಯಬಹುದು.

ನಂತರ ಹೀಗೇ ಪಿನ್‌ಕೋಡ್, ಶಾಖೆ, ಸಾಲದ ಯೋಜನೆಗಳ ಟೇಬಲ್‌ಗಳನ್ನೂ ಫುಲ್ ರಿಫ್ರೆಶ್‌ಗೆ ತಂದೆವು. ಕಂತುಗಳ ಟೇಬಲ್ ಇನ್‌ಕ್ರಿಮೆಂಟಲ್‌ನಲ್ಲೇ ಇದೆ, ಅಲ್ಲಿ ಸಾಲುಗಳು ಕೋಟಿಗಳಲ್ಲಿ. ಹೊರಗಿನ ಒಂದು ಸೇವೆಯಿಂದ ಬರುವ ಪಟ್ಟಿಯೂ ಹಾಗೇ ಇದೆ. ಅದು ಚಿಕ್ಕದೇ, ಆದರೆ ದಿನಕ್ಕೆ ಇಷ್ಟೇ ಸಲ ಕೇಳಬೇಕು ಅನ್ನುವ ಮಿತಿ ಇದೆ, ಪೂರ್ತಿ ಎಳೆಯಲು ಆಗುವುದಿಲ್ಲ.

ಸಣ್ಣ ಟೇಬಲ್‌ಗೆ ದಿನಾ ಇನ್‌ಕ್ರಿಮೆಂಟಲ್, ಭಾನುವಾರ ಫುಲ್ ಅಂತ ಮಾಡಬಹುದಲ್ವಾ ಅಂತ ಈಗಲೂ ಹೊಸಬರು ಕೇಳುತ್ತಾರೆ. ದೊಡ್ಡ ಟೇಬಲ್‌ಗೆ ಅದು ಒಳ್ಳೆಯ ಅಭ್ಯಾಸ. 34 ಎಂಬಿ ಟೇಬಲ್‌ಗೆ ಹಾಗೆ ಮಾಡಿದರೆ ಎರಡು ಥರದ ಕೋಡ್ ಸಾಕಬೇಕು. ಸೋಮವಾರ ಅಳಿಸಿದ ಕೋಡ್ ಭಾನುವಾರದವರೆಗೆ ಪಾವತಿಯ ಪರೀಕ್ಷೆಯಲ್ಲಿ ಪಾಸಾಗುತ್ತಲೇ ಇರುತ್ತದೆ. ಭಾನುವಾರದ ಜಾಬ್ ಹೇಗಿದ್ದರೂ ಬರೆದೇ ಆಗಿದೆಯಲ್ಲ, ಅದನ್ನೇ ದಿನಾ ಓಡಿಸಿ ಅನ್ನುತ್ತೇನೆ.