ಅಡ್ವಾನ್ಸ್ ಡಾಲರ್‌ಗೆ ಮಾರ್ಚ್ 31ರ ದರ ಹಾಕಿ ಮಾಡಿದ ತಪ್ಪು

ಚಳ್ಳಕೆರೆಯಲ್ಲಿ ಶೇಂಗಾ ಬೀಜ ರಫ್ತು ಮಾಡುವ ಒಂದು ಪಾಲುದಾರಿಕೆ ಸಂಸ್ಥೆಯ ಲೆಕ್ಕ ನೋಡುತ್ತೇನೆ. ಸೇರಿದ ಮೊದಲ ವರ್ಷ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ದರಗಳನ್ನು ಲೆಕ್ಕ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ.

ಮಾರ್ಚ್‌ನಲ್ಲಿ ವಿದೇಶದ ಪಾರ್ಟಿಯೊಂದು 50,000 ಡಾಲರ್ ಆರ್ಡರ್ ಕೊಟ್ಟು, 20,000 ಡಾಲರ್ ಅಡ್ವಾನ್ಸ್ ಕಳಿಸಿತು. ಅಂದಿನ ದರ 83 ರೂಪಾಯಿ. ಇನ್ನೊಂದು ಪಾರ್ಟಿಯಿಂದ ಹಳೇ ಬಿಲ್ಲಿನ 10,000 ಡಾಲರ್ ಬರಬೇಕಿತ್ತು, ಅದೂ 83ರಲ್ಲೇ ಬರೆದಿದ್ದು. ಮಾರ್ಚ್ 31ಕ್ಕೆ ದರ 84 ಆಯ್ತು. ಟ್ಯಾಲಿಯಲ್ಲಿ ಆ ದರ ಹಾಕಿದ ಕೂಡಲೇ `Unadjusted Forex Gain/Loss` ಅಂತ 10,000 ರೂಪಾಯಿ ನಷ್ಟ ತೋರಿಸಿತು. ನಾನು ಸುಮ್ನೆ ಆ ಮೊತ್ತಕ್ಕೇ ಜರ್ನಲ್ ಹಾಕಿಬಿಟ್ಟೆ.

ಆಡಿಟರ್ ಲೆಡ್ಜರ್ ತೆಗೆದು ಕೇಳಿದರು: "ಈ ಅಡ್ವಾನ್ಸ್‌ಗೆ ನೀವು ಡಾಲರ್ ವಾಪಸ್ ಕೊಡ್ತೀರಾ?"

"ಇಲ್ಲ ಸರ್, ಶೇಂಗಾ ಕೊಡ್ತೀವಿ."

"ಮತ್ತೆ ಡಾಲರ್ ಏರಿದ್ರೆ ನಿಮಗ್ಯಾಕೆ ನಷ್ಟ?"

ಆಗ ಹೊಳೆಯಿತು. ಡಾಲರ್‌ನಲ್ಲೇ ಬರಬೇಕಾದ, ಡಾಲರ್‌ನಲ್ಲೇ ಕೊಡಬೇಕಾದ ಬಾಕಿಗೆ ಮಾತ್ರ ವರ್ಷದ ಕೊನೆಯ ದರ. ವಿದೇಶಿ ವಿನಿಮಯದ ಲೆಕ್ಕಕ್ಕಿರುವ ಮಾನದಂಡ ಎಎಸ್ 11 ಹೇಳುವುದೂ ಅದನ್ನೇ. ಅಡ್ವಾನ್ಸ್ ತೀರುವುದು ಸರಕಿನಿಂದ, ಹಾಗಾಗಿ ಅದು ದುಡ್ಡು ಬಂದ ದಿನದ 16,60,000 ರೂಪಾಯಿಯಲ್ಲೇ ನಿಲ್ಲಬೇಕು. ನಾನು ಅದನ್ನು 16,80,000 ಮಾಡಿ, ಇಲ್ಲದ 20,000 ನಷ್ಟ ಬರೆದಿದ್ದೆ. ಹಳೇ ಬಿಲ್ಲಿನ 10,000 ಲಾಭ ಮಾತ್ರ ನಿಜ. ಅಂದರೆ ಲಾಭ ಇರಬೇಕಾದ ಕಡೆ ನಷ್ಟ ಕೂತಿತ್ತು!

ಏಪ್ರಿಲ್‌ನಲ್ಲಿ ಸರಕು ಹೊರಟಾಗ ದರ 84.50. ಪೂರ್ತಿ 50,000 ಡಾಲರ್‌ಗೂ ಅದೇ ದರ ಹಾಕಿದರೆ ಮಾರಾಟ ಜಾಸ್ತಿ ಕಾಣುತ್ತದೆ, ಅಡ್ವಾನ್ಸ್ ತೀರಿಸುವಾಗ ಮತ್ತೆ ಸುಳ್ಳು ನಷ್ಟ ಬರುತ್ತದೆ. ಅದಕ್ಕೆ ಎರಡು ತುಂಡು ಮಾಡಿದೆವು. ಅಡ್ವಾನ್ಸಿನ 20,000 ಡಾಲರ್‌ಗೆ 83, ಉಳಿದ 30,000ಕ್ಕೆ 84.50. ಒಟ್ಟು ಮಾರಾಟ 41,95,000 ರೂಪಾಯಿ. ಶಿಪ್ಪಿಂಗ್ ಬಿಲ್ಲಿನಲ್ಲಿರುವ ಕಸ್ಟಮ್ಸ್ ದರ ಬೇರೆ, ಅದನ್ನು ಪುಸ್ತಕಕ್ಕೆ ತರಬೇಡಿ.

ಬಾಕಿ 30,000 ಡಾಲರ್ ಮೇ ತಿಂಗಳಲ್ಲಿ 84.20ರಂತೆ ಬಂತು. 9,000 ರೂಪಾಯಿ ವಿನಿಮಯ ನಷ್ಟ. ಇದು ನಿಜವಾದ ನಷ್ಟ, ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಮಾರಾಟದ ಮೊತ್ತವನ್ನು ಮುಟ್ಟುವ ಹಾಗಿಲ್ಲ. ಬ್ಯಾಂಕ್ ಹಿಡಿದ ಚಾರ್ಜನ್ನೂ ಇದರಲ್ಲಿ ಬೆರೆಸಬಾರದು. ಖಾತೆಗೆ ಬಿದ್ದ ಮೊತ್ತವೊಂದನ್ನೇ ನೋಡಿದರೆ ಎರಡೂ ಕಲಸಿಹೋಗುತ್ತವೆ, ಬ್ಯಾಂಕಿನ ಅಡ್ವೈಸ್ ತೆಗೆದು ದರ ಎಷ್ಟು, ಚಾರ್ಜ್ ಎಷ್ಟು ಅಂತ ಬಿಡಿಸಿಕೊಳ್ಳಿ.

ಆರ್ಡರ್ ರದ್ದಾಗಿ ಅಡ್ವಾನ್ಸ್ ವಾಪಸ್ ಕೊಡಬೇಕಾದರೆ ಮಾತ್ರ ಕಥೆ ಬೇರೆ. ಆಗ ಅದು ಡಾಲರ್ ಸಾಲವೇ, ವರ್ಷದ ಕೊನೆಯ ದರ ಹಾಕಲೇಬೇಕು. ಅದಕ್ಕೇ ಈಗ ಮಾರ್ಚ್ ಕೊನೆಗೆ ಪ್ರತಿ ಅಡ್ವಾನ್ಸಿನ ಬಗ್ಗೆ ಗೋದಾಮಿನವರನ್ನು ಕೇಳುತ್ತೇನೆ: "ಅಣ್ಣಾ, ಈ ಪಾರ್ಟಿ ಮಾಲು ಹೋಗೋದು ಗ್ಯಾರಂಟಿ ಅಲ್ವಾ?"