ಅರಿಶಿನದ ಅಣುವನ್ನು ಗೆರೆಗಳಲ್ಲಿ ಓದಿದ ಮಧ್ಯಾಹ್ನ

ಕರ್ಕ್ಯುಮಿನ್ ಅಣುವಿನ ಗೆರೆಸೂತ್ರವನ್ನು ಬೋರ್ಡಿನ ಮೇಲೆ ಬರೆದರೆ ಕಣ್ಣಿಗೆ ಬೀಳುವುದು ಇಷ್ಟೇ: ಎರಡು ತುದಿಗಳಲ್ಲಿ ಒಂದೊಂದು ಷಟ್ಕೋನ, ಅವುಗಳ ನಡುವೆ ಅಂಕುಡೊಂಕು ಗೆರೆ, ಅಲ್ಲಲ್ಲಿ ಜೋಡಿಗೆರೆ, ಆರು ಕಡೆ O. ಕಾರ್ಬನ್ನಿನ C ಒಂದೂ ಇಲ್ಲ. ಬಿ.ಎಸ್ಸಿ. ವಿದ್ಯಾರ್ಥಿಗಳ ಪ್ರಯೋಗ ತರಗತಿಯಲ್ಲಿ ಆ ಮಧ್ಯಾಹ್ನ ನಡೆದದ್ದು ಈ ಒಂದು ಚಿತ್ರದ ಓದು, ಆಮೇಲೆ ಅರಿಶಿನದ ಕಾಗದದ ಮೇಲೆ ಅದರ ಪರೀಕ್ಷೆ. ಅಣುವಿನ ಹೆಸರನ್ನು ಮೊದಲಿಗೆ ಹೇಳಲಿಲ್ಲ. ಹೆಸರು ಗೊತ್ತಾದರೆ ಕಣ್ಣು ಗೆರೆಗಳನ್ನು ಬಿಟ್ಟು ನೆನಪಿನ ಕಡೆ ಓಡುತ್ತದೆ.

ಮೊದಲ ಕೆಲಸ ಎಣಿಕೆ. ಗೆರೆ ತಿರುಗುವ ಪ್ರತಿ ಮೂಲೆಯೂ ಒಂದು ಕಾರ್ಬನ್, ಅಕ್ಷರವಿಲ್ಲದೆ ಮುಗಿಯುವ ಪ್ರತಿ ತುದಿಯೂ ಒಂದು ಕಾರ್ಬನ್. ಪ್ರತಿ ಕಾರ್ಬನ್ನಿಗೆ ನಾಲ್ಕು ಬಂಧ ಇರಲೇಬೇಕು; ಚಿತ್ರದಲ್ಲಿ ಕಾಣದ ಬಂಧಗಳೆಲ್ಲ ಹೈಡ್ರೋಜನ್ನಿನವು. ಎರಡು ಉಂಗುರಗಳಿಂದ ಹನ್ನೆರಡು ಕಾರ್ಬನ್, ನಡುವಿನ ಸರಪಳಿಯಿಂದ ಏಳು. ಹತ್ತೊಂಬತ್ತಾಯಿತು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಪ್ರತಿ ಉಂಗುರದ ಪಕ್ಕದಲ್ಲಿ ಒಂದು O ಇದೆ, ಅದರಿಂದ ಒಂದು ಪುಟ್ಟ ಗೆರೆ ಹೊರಟು ಬರಿದಾಗಿ ಮುಗಿಯುತ್ತದೆ. ಆ ಬರಿ ತುದಿಯಲ್ಲಿರುವುದು CH₃. ಅದನ್ನು ಬಿಟ್ಟರೆ ಎರಡು ಕಾರ್ಬನ್, ಆರು ಹೈಡ್ರೋಜನ್ ಕಳೆದುಹೋಗುತ್ತವೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಈ OCH₃ ಅನ್ನು, ಅಂದರೆ ಮಿಥಾಕ್ಸಿ ಗುಂಪನ್ನು, OH ಎಂದು ಓದಿಬಿಡುವುದು. ಆಗ ಸುಲಭವಾಗಿ ಪ್ರೋಟಾನ್ ಬಿಡದ ಗುಂಪು ಬಿಡುವ ಗುಂಪಾಗಿ ತೋರುತ್ತದೆ, ಮುಂದಿನ ತರ್ಕವೆಲ್ಲ ದಾರಿ ತಪ್ಪುತ್ತದೆ.

ಹೈಡ್ರೋಜನ್ ಲೆಕ್ಕ ಹೀಗೆ. ಉಂಗುರದ ಆರು ಮೂಲೆಗಳಲ್ಲಿ ಮೂರಕ್ಕೆ ಏನೋ ಅಂಟಿಕೊಂಡಿದೆ, ಉಳಿದ ಮೂರಕ್ಕೆ ಒಂದೊಂದು ಹೈಡ್ರೋಜನ್. ಎರಡು ಉಂಗುರಕ್ಕೆ ಆರು. ಮಿಥಾಕ್ಸಿಗಳಿಂದ ಆರು, OH ಗಳಿಂದ ಎರಡು, ಸರಪಳಿಯ ಕಾರ್ಬನ್ ದ್ವಿಬಂಧಗಳ ಮೇಲೆ ನಾಲ್ಕು, ನಟ್ಟನಡುವಿನ CH₂ ನಲ್ಲಿ ಎರಡು. ಒಟ್ಟು ಇಪ್ಪತ್ತು. C₂₁H₂₀O₆. ಎಣಿಕೆ ಸರಿಯೇ ಎಂದು ತಾಳೆ ನೋಡಲು ಒಂದು ದಾರಿಯಿದೆ: ಕಾರ್ಬನ್ ಸಂಖ್ಯೆಯ ಎರಡರಷ್ಟಕ್ಕೆ ಎರಡು ಕೂಡಿಸಿ, ಹೈಡ್ರೋಜನ್ ಕಳೆದು, ಅರ್ಧ ಮಾಡಬೇಕು. ಸಿಗುವುದು ಉಂಗುರಗಳ, ದ್ವಿಬಂಧಗಳ ಒಟ್ಟು ಸಂಖ್ಯೆ. ಇಲ್ಲಿ ಹನ್ನೆರಡು ಬರುತ್ತದೆ. ಚಿತ್ರದಲ್ಲಿ ಒಂದೊಂದು ಬೆಂಜೀನ್ ಉಂಗುರಕ್ಕೆ ನಾಲ್ಕು, ಎರಡು ಕಾರ್ಬನ್ ದ್ವಿಬಂಧ, ಕಾರ್ಬನ್ನಿಗೆ O ಜೋಡಿಗೆರೆಯಲ್ಲಿ ಅಂಟಿದ ಎರಡು ಕಾರ್ಬೊನಿಲ್, ಅಲ್ಲೂ ಹನ್ನೆರಡೇ. ಎರಡೂ ಹೊಂದದಿದ್ದರೆ ಮುಂದೆ ಹೋಗುವುದು ಬೇಡ, ಎಲ್ಲೋ ಒಂದು ತುದಿ ತಪ್ಪಿದೆ.

ಗುಂಪುಗಳನ್ನು ಒಂದೊಂದಾಗಿ ಹೆಸರಿಸುವುದು ಕಷ್ಟವಲ್ಲ, ಅವುಗಳ ನೆರೆಹೊರೆಯನ್ನು ಓದುವುದೇ ನಿಜವಾದ ಕೆಲಸ. ಉಂಗುರಕ್ಕೆ ನೇರವಾಗಿ ಅಂಟಿದ OH ಆಲ್ಕೊಹಾಲ್ ಅಲ್ಲ, ಫೀನಾಲ್. ಪ್ರೋಟಾನ್ ಎಷ್ಟು ಸುಲಭವಾಗಿ ಹೋಗುತ್ತದೆಂಬುದರ ಅಳತೆ pKa, ಸಂಖ್ಯೆ ಕಡಿಮೆಯಾದಷ್ಟೂ ಸುಲಭ. ಸಾಮಾನ್ಯ ಆಲ್ಕೊಹಾಲಿನ pKa ಸುಮಾರು 16, ಫೀನಾಲಿನದು ಸುಮಾರು 10. ಒಂದು ಗೆರೆ ಉಂಗುರವನ್ನು ಮುಟ್ಟಿದೆಯೋ ಇಲ್ಲವೋ ಎಂಬುದರ ಮೇಲೆ ಇಷ್ಟು ಅಂತರ. ಹಾಗೆಯೇ ನಡುವಿನ CH₂. ಚಿತ್ರದಲ್ಲಿ ಅದೊಂದು ಬರಿ ಮೂಲೆ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಎರಡೂ ಪಕ್ಕದಲ್ಲಿ ಕಾರ್ಬೊನಿಲ್ ಇರುವುದರಿಂದ ಅದರ ಹೈಡ್ರೋಜನ್ ಸಡಿಲ. ಇದೇ ನಡುಭಾಗವಿರುವ ಅಸಿಟೈಲ್ ಅಸಿಟೋನಿನ pKa ಸುಮಾರು 9.

ಆ ಹೈಡ್ರೋಜನ್ ಎಷ್ಟು ಸಡಿಲವೆಂದರೆ ಅದು ಒಂದು ಕಾರ್ಬೊನಿಲ್ ಆಮ್ಲಜನಕಕ್ಕೆ ದಾಟಿ ಕೂರುತ್ತದೆ, ನಡುವೆ ಹೊಸ ದ್ವಿಬಂಧ ಮೂಡುತ್ತದೆ. ಇದು ಈನಾಲ್ ರೂಪ. ಘನರೂಪದಲ್ಲೂ ಬಹುತೇಕ ಸಾವಯವ ದ್ರಾವಕಗಳಲ್ಲೂ ಕರ್ಕ್ಯುಮಿನ್ ಹೆಚ್ಚಾಗಿ ಹೀಗೆಯೇ ಇರುತ್ತದೆ. ಒಂದು ಪುಸ್ತಕದಲ್ಲಿ ಎರಡು ಕೀಟೋನ್, ಇನ್ನೊಂದರಲ್ಲಿ ಒಂದು ಕೀಟೋನ್ ಒಂದು OH ಕಂಡರೆ ಗಾಬರಿ ಬೇಡ, ಅಣುಸೂತ್ರ ಒಂದೇ. ಈನಾಲ್ ಚಿತ್ರದಲ್ಲಿ ಎರಡು ಆಮ್ಲಜನಕಗಳ ನಡುವೆ ಕಾಣುವ ಚುಕ್ಕಿಗೆರೆ ಹೈಡ್ರೋಜನ್ ಬಂಧ, ಅದನ್ನು ಉಂಗುರವೆಂದು ಎಣಿಸಬಾರದು. ಹಳದಿ ಬಣ್ಣದ ಕಾರಣವೂ ಈ ಚಿತ್ರದಲ್ಲೇ ಇದೆ. ಕೀಟೋ ರೂಪದಲ್ಲಿ CH₂ ಬಳಿ ಒಂಟಿ, ಜೋಡಿ, ಒಂಟಿ ಎಂಬ ಗೆರೆಗಳ ಸಾಲು ಕಡಿಯುತ್ತದೆ; ಈನಾಲಿನಲ್ಲಿ ಅದು ಒಂದು ಉಂಗುರದಿಂದ ಇನ್ನೊಂದರವರೆಗೆ ಕಡಿಯದೆ ಸಾಗುತ್ತದೆ. ಅಷ್ಟು ಉದ್ದದ ಸಾಲು ಸುಮಾರು 425 ನ್ಯಾನೋಮೀಟರಿನ ನೀಲಿ-ನೇರಳೆ ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಉಳಿಯುವುದು ಹಳದಿ.

ಇಷ್ಟು ಓದಿದ ಮೇಲೆ ಪ್ರಶ್ನೆ: ಸುಣ್ಣ ಹಾಕಿದರೆ ಏನಾಗಬೇಕು? ಚಿತ್ರದ ಉತ್ತರ ಸ್ಪಷ್ಟ. ಎರಡು ಫೀನಾಲ್, ಒಂದು ಈನಾಲ್, ಹೀಗೆ ಮೂರು ಕಡೆ ಪ್ರೋಟಾನ್ ಹೋಗಬಹುದು. ಹೋದರೆ ಆಮ್ಲಜನಕದ ಮೇಲಿನ ಋಣಾವೇಶ ಆ ಉದ್ದ ಸಾಲಿನೊಳಕ್ಕೆ ಹರಡಿ ಬಣ್ಣ ಕೆಂಪಿನ ಕಡೆ ಸರಿಯಬೇಕು. ಆರತಿ ತಟ್ಟೆಯ ಓಕುಳಿ ಮಾಡಿ ಗೊತ್ತಿದ್ದವರಿಗೆ ಉತ್ತರ ಮೊದಲೇ ತಿಳಿದಿತ್ತು, ಕಾರಣ ಈಗ ಸಿಕ್ಕಿತು. ಆದರೆ ಮೂರರಲ್ಲಿ ಯಾವುದು ಮೊದಲು ಹೋಗುತ್ತದೆ ಎಂದು ಚಿತ್ರ ನೋಡಿ ಹೇಳಲಾಗದು. 9 ಮತ್ತು 10 ಅಷ್ಟು ಹತ್ತಿರದ ಸಂಖ್ಯೆಗಳು, ಅಳೆದೇ ನೋಡಬೇಕು.

ಪರೀಕ್ಷೆಗೆ ಒಂದು ಚಮಚ ಅರಿಶಿನ ಪುಡಿಯನ್ನು 20 ಮಿಲಿಲೀಟರ್ ಸ್ಪಿರಿಟಿನಲ್ಲಿ ಹತ್ತು ನಿಮಿಷ ಇಟ್ಟು ಸೋಸಿ, ಅದರಲ್ಲಿ ಫಿಲ್ಟರ್ ಪೇಪರ್ ಅದ್ದಿ ಒಣಗಿಸಿದರೆ ಸಾಕು. ನೀರು ಉಪಯೋಗವಿಲ್ಲ, ಎರಡು ಉಂಗುರ, ಉದ್ದ ಸರಪಳಿ ಇರುವ ಈ ಅಣು ಅದರಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಪ್ರಿಂಟರ್ ಕಾಗದವೂ ಬೇಡ, ಅದರಲ್ಲಿ ತುಂಬಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಬಣ್ಣವನ್ನು ಕೆಡಿಸಬಹುದು. ಸುಣ್ಣದ ತಿಳಿ ಒಂದು ಹನಿ ಬಿದ್ದ ಕಡೆ ಕಾಗದ ತಕ್ಷಣ ಕೆಂಗಂದಾಗುತ್ತದೆ. ಅದರ ಮೇಲೆ ನಿಂಬೆರಸ ಹಾಕಿದರೆ ಹಳದಿ ಮರಳುತ್ತದೆ. ಮರಳಿತೆಂದರೆ ಹೋಗಿದ್ದದ್ದು ಪ್ರೋಟಾನ್ ಮಾತ್ರ, ಅಣುವಿನ ಎಲುಬುಗೂಡು ಹಾಗೇ ಇದೆ. ಸುಣ್ಣದ ನೀರಿನಲ್ಲೇ ಬಹಳ ಹೊತ್ತು ಬಿಟ್ಟ ದ್ರಾವಣದಲ್ಲಿ ಕೆಂಪು ಮಂಕಾಗುತ್ತದೆ, ನಿಂಬೆರಸಕ್ಕೂ ಮೊದಲಿನ ಹಳದಿ ಪೂರ್ತಿ ಬರುವುದಿಲ್ಲ. ಅಲ್ಲಿ ಸರಪಳಿಯೇ ಕೆಟ್ಟಿದೆ. ಪ್ರತ್ಯಾಮ್ಲದಲ್ಲಿ ಕರ್ಕ್ಯುಮಿನ್ ಉತ್ಕರ್ಷಣೆಗೊಳ್ಳುತ್ತದೆ, ತುಂಡೂ ಆಗುತ್ತದೆ. ಇದು ಎಷ್ಟು ಬೇಗ ಆಗುತ್ತದೆಂಬ ಸುಳಿವು ಗೆರೆಚಿತ್ರದಲ್ಲಿ ಸಿಗುವುದಿಲ್ಲ.

ಹಾಗೆ ತುಂಡಾದಾಗ ಸಿಗುವ ಒಂದು ವಸ್ತು ವೆನಿಲಿನ್. ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದು: OH, ಮಿಥಾಕ್ಸಿ ಇರುವ ಉಂಗುರ, ಅದಕ್ಕೆ ಅಂಟಿದ ಮೊದಲ ಕಾರ್ಬನ್. ಆ ಕಾರ್ಬನ್ನಿನ ದ್ವಿಬಂಧವನ್ನು ಕತ್ತರಿಸಿ ಅಲ್ಲಿ ಆಮ್ಲಜನಕ ಇಟ್ಟರೆ ಆಲ್ಡಿಹೈಡ್. ಇದನ್ನೇ ಹಿಂದುಮುಂದಾಗಿ ಓದಿದರೆ ಅಣುವನ್ನು ಕಟ್ಟುವ ದಾರಿ: ಎರಡು ವೆನಿಲಿನ್, ಒಂದು ಅಸಿಟೈಲ್ ಅಸಿಟೋನ್ ಸೇರಿ ಎರಡು ನೀರು ಹೊರಹೋಗಬೇಕು. ಲೆಕ್ಕ ಹಾಕಿದರೆ C₂₁H₂₀O₆ ಸರಿಯಾಗಿ ಬರುತ್ತದೆ.

ಕಾಗದದ ಮೇಲೆ ಸರಿ, ಫ್ಲಾಸ್ಕಿನಲ್ಲಿ ತಪ್ಪುತ್ತದೆ. ಅಸಿಟೈಲ್ ಅಸಿಟೋನಿನ ತುದಿಯ CH₃ ಗಳು ವೆನಿಲಿನ್ ಹಿಡಿಯಬೇಕು, ಆದರೆ ಅತ್ಯಂತ ಸಡಿಲವಾದ ಹೈಡ್ರೋಜನ್ ಇರುವುದು ನಡುವಿನ CH₂ ನಲ್ಲಿ. ವೆನಿಲಿನ್ ಅಲ್ಲಿಗೇ ಹೋಗಿ ಅಂಟುತ್ತದೆ. ಅದಕ್ಕೇ ಮೊದಲು ಬೋರಾನ್ ಆಕ್ಸೈಡ್ ಸೇರಿಸುತ್ತಾರೆ. ಬೋರಾನ್ ಎರಡು ಆಮ್ಲಜನಕಗಳನ್ನೂ ಹಿಡಿದು ಈನಾಲ್ ರೂಪಕ್ಕೆ ಬೀಗ ಹಾಕುತ್ತದೆ. ಆಗ ನಡುವಿನ ಕಾರ್ಬನ್ ಸುಮ್ಮನಾಗಿ ತುದಿಗಳು ಕೆಲಸಕ್ಕೆ ಬರುತ್ತವೆ. ಕೊನೆಯಲ್ಲಿ ಸಾರರಿಕ್ತ ಆಮ್ಲ ಹಾಕಿ ಬೋರಾನನ್ನು ಬಿಡಿಸಿದರೆ ಕರ್ಕ್ಯುಮಿನ್ ಸಿಗುತ್ತದೆ.